ತೊಟ್ಟಿಕ್ಕುವ ಬೇಸಿನ್ ನಲ್ಲಿಗೆ ಹೊಸ ಕಾರ್ಟ್ರಿಜ್ ಹಾಕುವುದು

ಪ್ರಶ್ನೆ: ನಮ್ಮ ವಾಶ್ ಬೇಸಿನ್ನಿನ ನಲ್ಲಿ ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ ಬಗೆಯದು. ಎರಡು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಎಷ್ಟು ಬಿಗಿಯಾಗಿ ತಿರುಗಿಸಿದರೂ ನಿಲ್ಲುವುದಿಲ್ಲ. ವಾಷರ್ ಬದಲಾಯಿಸೋಣ ಅಂತ ಹಿಡಿ ಬಿಚ್ಚಿ ನೋಡಿದೆ. ಹಿತ್ತಾಳೆಯ ಒಂದು ಗಟ್ಟಿ ತುಂಡು ಕಾಣಿಸಿತು, ಹೆದರಿ ಹಾಗೇ ಮುಚ್ಚಿಟ್ಟೆ. ಇದನ್ನು ನಾನೇ ಬದಲಾಯಿಸಬಹುದಾ? ನನ್ನ ಹತ್ತಿರ ಸ್ಕ್ರೂಡ್ರೈವರ್ ಮತ್ತು ಅಡ್ಜಸ್ಟಬಲ್ ಸ್ಪ್ಯಾನರ್ ಇವೆ.

ಉತ್ತರ: ಬದಲಾಯಿಸಬಹುದು. ನಿಮ್ಮ ಹತ್ತಿರ ಇರುವ ಎರಡು ಸಾಮಾನು ಬಹುತೇಕ ಸಾಕು. ಆದರೆ ಮೊದಲು ಒಂದು ಮಾತು: ಇವತ್ತಿನಿಂದಲೇ ನಲ್ಲಿಯನ್ನು ಬಲ ಹಾಕಿ ಮುಚ್ಚುವುದನ್ನು ನಿಲ್ಲಿಸಿ. ಹಳೆಯ ಕಾಲದ ನಲ್ಲಿಯಲ್ಲಿ ಸ್ಕ್ರೂ ಕೆಳಗಿಳಿದು ವಾಷರ್ ಅನ್ನು ಒತ್ತುತ್ತಿತ್ತು. ಜಾಸ್ತಿ ತಿರುಗಿಸಿದರೆ ಜಾಸ್ತಿ ಒತ್ತುತ್ತಿತ್ತು. ಕಾಲು ಸುತ್ತಿನ ನಲ್ಲಿಯಲ್ಲಿ ಹಾಗಿಲ್ಲ. ಹಿಡಿ ಒಂದು ತಡೆಗೆ ಹೋಗಿ ನಿಲ್ಲುತ್ತದೆ, ಅಷ್ಟೇ. ಅದಕ್ಕಿಂತ ಮುಂದೆ ನೀವು ಹಾಕುವ ಬಲವೆಲ್ಲ ಆ ತಡೆಯ ಮೇಲೆ ಬೀಳುತ್ತದೆ, ಒಂದು ಹನಿ ನೀರನ್ನೂ ಹೆಚ್ಚಿಗೆ ತಡೆಯುವುದಿಲ್ಲ. ತಡೆ ಮುರಿದರೆ ಹಿಡಿ ಸುಮ್ನೆ ಗರಗರ ತಿರುಗಲು ಶುರುವಾಗುತ್ತದೆ.

ನೀವು ಕಂಡ ಆ ಹಿತ್ತಾಳೆಯ ತುಂಡೇ ಕಾರ್ಟ್ರಿಜ್. ಅದರೊಳಗೆ ಏನಿದೆ ಅಂತ ಗೊತ್ತಾದರೆ ಮುಂದಿನ ಕೆಲಸವೆಲ್ಲ ಸಲೀಸು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕಾರ್ಟ್ರಿಜ್ ಒಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಅಲುಗಾಡುವುದಿಲ್ಲ. ಮೇಲಿನದು ಹಿಡಿಯ ಜೊತೆ ತಿರುಗುತ್ತದೆ. ಎರಡರಲ್ಲೂ ರೆಕ್ಕೆಯ ಆಕಾರದ ತೂತುಗಳಿವೆ. ತೂತುಗಳು ಒಂದರ ಮೇಲೊಂದು ಬಂದರೆ ನೀರು ಹರಿಯುತ್ತದೆ. ಮೇಲಿನ ಬಿಲ್ಲೆ ಕಾಲು ಸುತ್ತು ತಿರುಗಿ ಕೆಳಗಿನ ತೂತುಗಳನ್ನು ಮುಚ್ಚಿದರೆ ನೀರು ನಿಲ್ಲುತ್ತದೆ. ಬಿಲ್ಲೆಗಳ ಮುಖ ಎಷ್ಟು ಸಪಾಟಾಗಿರುತ್ತದೆ ಅಂದರೆ, ಒದ್ದೆಯಾಗಿದ್ದಾಗ ಒಂದಕ್ಕೊಂದು ಅಂಟಿಕೊಂಡಂತೆ ಹಿಡಿದುಕೊಳ್ಳುತ್ತವೆ. ನಡುವೆ ರಬ್ಬರ್ ಇಲ್ಲ, ಏನೂ ಇಲ್ಲ. ಬರೀ ಸಪಾಟು ಮುಖವೇ ನೀರನ್ನು ತಡೆಯುತ್ತದೆ.

ಈಗ ಮುಖ್ಯವಾದ ವಿಷಯ. ಕಾರ್ಟ್ರಿಜ್‌ನ ತಳದಲ್ಲಿ, ಕೆಳಗಿನ ಬಿಲ್ಲೆಯ ಅಡಿಗೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದು ಕಾರ್ಟ್ರಿಜ್‌ನಿಂದ ಚೂರು ಹೊರಗೆ ಚಾಚಿಕೊಂಡಿರುತ್ತದೆ. ಕಾರ್ಟ್ರಿಜ್ ಅನ್ನು ನಲ್ಲಿಯ ಬಾಡಿಯೊಳಗೆ ತಿರುಗಿಸಿ ಕೂರಿಸಿದಾಗ ಈ ರಬ್ಬರ್ ಕೆಳಗಿನ ಹಿತ್ತಾಳೆಯ ಸೀಟಿಗೆ ತಾಗಿ ಒತ್ತಿಕೊಳ್ಳುತ್ತದೆ. ಆಗ ಅದು ಎರಡು ಕೆಲಸ ಮಾಡುತ್ತದೆ. ಸೀಟಿನ ಸುತ್ತ ನೀರು ನುಸುಳದಂತೆ ತಡೆಯುತ್ತದೆ. ಜೊತೆಗೆ ಸ್ಪ್ರಿಂಗ್ ಥರ ಬಿಲ್ಲೆಗಳನ್ನು ಮೇಲಕ್ಕೆ ಒತ್ತಿ ಒಂದಕ್ಕೊಂದು ಅಪ್ಪಿಸಿ ಹಿಡಿಯುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ. ಒತ್ತಡ ಕಮ್ಮಿಯಾಗುತ್ತದೆ. ಬಿಲ್ಲೆ ಎಷ್ಟೇ ಚೆನ್ನಾಗಿದ್ದರೂ ನಲ್ಲಿ ತೊಟ್ಟಿಕ್ಕಲು ಶುರುವಾಗುತ್ತದೆ.

ಇನ್ನೊಂದು ಕಾರಣ ಕಸ. ಮರಳು ಬಿಲ್ಲೆಯನ್ನು ತರಚಿ ಹಾಳು ಮಾಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ಈ ಬಿಲ್ಲೆಗಳು ಸಾಮಾನ್ಯವಾಗಿ ಅಲ್ಯೂಮಿನಾದವು, ಮರಳಿಗಿಂತ ಗಟ್ಟಿ. ಅಷ್ಟು ಸುಲಭವಾಗಿ ಗೀರು ಬೀಳುವುದಿಲ್ಲ. ಆದರೆ ಗಟ್ಟಿ ವಸ್ತು ಪೆಡಸು ಕೂಡ. ಎರಡು ಬಿಲ್ಲೆಗಳ ನಡುವೆ, ತೂತಿನ ಅಂಚಿನಲ್ಲಿ ಒಂದು ಕಾಳು ಸಿಕ್ಕಿಕೊಂಡಾಗ ನೀವು ಬಲವಾಗಿ ತಿರುಗಿಸಿದರೆ ಅಂಚು ಚಕ್ಕೆ ಏಳಬಹುದು. ಕಾಳು ಅಲ್ಲೇ ಕೂತರೆ ಬಿಲ್ಲೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ, ಅಷ್ಟು ಸಂದಿ ಹನಿಗೆ ಸಾಕು. ಗಡಸು ನೀರಿದ್ದ ಕಡೆ ಬಿಳಿ ಸುಣ್ಣದ ಪದರ ಬೆಳೆದು ಇದೇ ಕೆಲಸ ಮಾಡುತ್ತದೆ.

ಹಾಗಾದರೆ ಸೋರಿಕೆ ಎಲ್ಲಿಂದ ಅಂತ ಬಿಚ್ಚುವ ಮೊದಲೇ ಖಚಿತ ಮಾಡಿಕೊಳ್ಳಿ. ನಲ್ಲಿ ಮುಚ್ಚಿ, ಬಾಯಿಯನ್ನು ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಡಿ. ಮುಚ್ಚಿದ ತಕ್ಷಣ ಬೀಳುವ ನಾಲ್ಕಾರು ಹನಿ ಬಾಯಿಯ ಕೊಳವೆಯಲ್ಲಿ ಉಳಿದ ನೀರು, ಅದು ಸೋರಿಕೆಯಲ್ಲ. ಹತ್ತು ನಿಮಿಷದ ಮೇಲೂ ಒಂದೇ ಸಮನೆ ಹನಿ ಬೀಳುತ್ತಿದ್ದರೆ ಕಾರ್ಟ್ರಿಜ್ ಅಥವಾ ಅದರ ಸೀಟು ಕಾರಣ. ನೀರು ಬಾಯಿಯಿಂದ ಅಲ್ಲದೆ ಹಿಡಿಯ ಬುಡದಿಂದ ಒಸರುತ್ತಿದ್ದರೆ ಅದು ಕಾರ್ಟ್ರಿಜ್‌ನ ಓ-ರಿಂಗ್, ಅಂದರೆ ತೆಳು ರಬ್ಬರ್ ಬಳೆಯ ತೊಂದರೆ. ಬೇಸಿನ್ ಮೇಲೆ ನಲ್ಲಿ ನಿಂತ ಜಾಗದಲ್ಲಿ ಒದ್ದೆಯಾದರೆ ಅದು ಬೇರೆಯೇ ಕಥೆ, ಕಾರ್ಟ್ರಿಜ್ ಬದಲಾಯಿಸಿ ಪ್ರಯೋಜನವಿಲ್ಲ. ಬಿಸಿ ಮತ್ತು ತಣ್ಣೀರಿಗೆ ಎರಡು ಹಿಡಿ ಇದ್ದು ಒಂದೇ ಬಾಯಿ ಇರುವ ನಲ್ಲಿಯಾದರೆ, ಬೇಸಿನ್ ಕೆಳಗೆ ನಲ್ಲಿಗೆ ನೀರು ಬಿಡುವ ಸಣ್ಣ ವಾಲ್ವ್‌ಗಳನ್ನು, ಅಂದರೆ ಆಂಗಲ್ ಕಾಕ್‌ಗಳನ್ನು, ಒಂದೊಂದಾಗಿ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಹನಿ ನಿಲ್ಲುತ್ತದೋ ಆ ಕಡೆಯ ಕಾರ್ಟ್ರಿಜ್ ಹೋಗಿದೆ.

ಈಗ ಕೆಲಸಕ್ಕೆ ಬರೋಣ.

ಬೇಸಿನ್ ಕೆಳಗಿನ ಆಂಗಲ್ ಕಾಕ್ ಮುಚ್ಚಿ. ಆಮೇಲೆ ನಲ್ಲಿ ತೆರೆದು ನೋಡಿ. ಉಳಿದ ನೀರು ಹರಿದು ಪೂರ್ತಿ ನಿಲ್ಲಬೇಕು. ಸಣ್ಣ ದಾರದಷ್ಟು ನೀರು ಬರುತ್ತಲೇ ಇದ್ದರೆ ಆಂಗಲ್ ಕಾಕ್ ಕೂಡ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಆಗ ಮನೆಗೆ ನೀರು ಬರುವ ಮುಖ್ಯ ವಾಲ್ವ್ ಮುಚ್ಚಿ. ವರ್ಷಗಟ್ಟಲೆ ಮುಟ್ಟದ ಆಂಗಲ್ ಕಾಕ್ ಬಿಗಿದುಕೊಂಡಿದ್ದರೆ ಸ್ಪ್ಯಾನರ್ ಹಾಕಿ ಎಳೆದಾಡಬೇಡಿ. ಅದು ಮುರಿದರೆ ಹನಿಯ ಬದಲು ಧಾರೆ ಶುರುವಾಗುತ್ತದೆ. ಆಗಲೂ ಮುಖ್ಯ ವಾಲ್ವೇ ಗತಿ.

ಬೇಸಿನ್ನಿನ ತೂತಿಗೆ ಒಂದು ಬಟ್ಟೆ ತುರುಕಿ. ಸಣ್ಣ ಸ್ಕ್ರೂ ಒಳಗೆ ಬಿದ್ದರೆ ಕೆಳಗಿನ ಪೈಪ್ ಬಿಚ್ಚಬೇಕಾಗುತ್ತದೆ. ಬೇಸಿನ್ ಒಳಗೂ ಒಂದು ದಪ್ಪ ಬಟ್ಟೆ ಹಾಸಿ. ಸ್ಪ್ಯಾನರ್ ಕೈಜಾರಿ ಬಿದ್ದರೆ ಬೇಸಿನ್ ಸೀಳು ಬಿಡುತ್ತದೆ.

ಹಿಡಿ ಬಿಚ್ಚುವುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಿಡಿಯ ತಲೆಯ ಮೇಲೆ ನೀಲಿ ಅಥವಾ ಕೆಂಪು ಗುರುತಿನ ಸಣ್ಣ ಮುಚ್ಚಳ ಇರುತ್ತದೆ. ತೆಳು ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿದರೆ ಕೆಳಗೆ ಸ್ಕ್ರೂ ಕಾಣುತ್ತದೆ. ಮುಚ್ಚಳ ಇಲ್ಲದಿದ್ದರೆ ಹಿಡಿಯ ಹಿಂದೆ ಅಥವಾ ಅಡಿಗೆ ಕಣ್ಣಿಗೆ ಬೀಳದ ಒಂದು ತೂತು ಇರುತ್ತದೆ. ಅದರೊಳಗಿನ ಸ್ಕ್ರೂಗೆ ಅಲೆನ್ ಕೀ ಬೇಕು. ಸ್ಕ್ರೂ ತೆಗೆದ ಮೇಲೆ ಹಿಡಿಯನ್ನು ಮೇಲಕ್ಕೆ ಎಳೆಯಿರಿ. ಅದು ಸುಣ್ಣ ಹಿಡಿದು ಅಂಟಿಕೊಂಡಿದ್ದರೆ ಸುತ್ತಿಗೆ ಏಟು ಬೇಡ. ಬಿಳಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಕಾಲು ಗಂಟೆ ಬಿಡಿ, ಆಮೇಲೆ ಅತ್ತಿತ್ತ ಆಡಿಸುತ್ತ ಎತ್ತಿ. ಇಡೀ ರಾತ್ರಿ ಮಾತ್ರ ಬಿಡಬೇಡಿ, ನಲ್ಲಿಯ ಹೊಳಪು ಹೋಗಬಹುದು. ಕೆಲಸ ಆದಮೇಲೆ ನೀರಿನಿಂದ ತೊಳೆಯಿರಿ.

ಹಿಡಿಯ ಕೆಳಗೆ ಕೆಲವು ನಲ್ಲಿಗಳಲ್ಲಿ ಗಂಟೆಯಾಕಾರದ ಒಂದು ಹೊಳಪಿನ ಕವಚ ಇರುತ್ತದೆ. ಅದು ಬರೀ ಅಂದಕ್ಕೆ. ಕೈಯಿಂದಲೇ ತಿರುಗಿಸಿ ತೆಗೆಯಬಹುದು. ಬರದಿದ್ದರೆ ರಬ್ಬರ್ ಕೈಗವಸು ಹಾಕಿಕೊಂಡು ತಿರುಗಿಸಿ, ಹಿಡಿತ ಸಿಗುತ್ತದೆ.

ಈಗ ಹಿತ್ತಾಳೆಯ ಕಾರ್ಟ್ರಿಜ್ ಕಾಣುತ್ತದೆ. ಅದರ ಮೇಲೆ ಆರು ಮೂಲೆಯ ನಟ್ ಆಕಾರ ಇರುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರ್‌ನ ಬಾಯಿಯನ್ನು ಅದಕ್ಕೆ ಸರಿಯಾಗಿ ಹೊಂದಿಸಿ. ಸ್ವಲ್ಪವೂ ಸಡಿಲ ಇರಬಾರದು, ಇದ್ದರೆ ಮೂಲೆಗಳು ಸವೆದು ಹಿಡಿತವೇ ಸಿಗದಂತಾಗುತ್ತದೆ. ಇನ್ನೊಂದು ಕೈಯಿಂದ ನಲ್ಲಿಯ ಬಾಯಿಯನ್ನು ಗಟ್ಟಿಯಾಗಿ ಹಿಡಿಯಿರಿ. ಇದನ್ನು ಮರೆಯಬೇಡಿ. ಹಿಡಿಯದಿದ್ದರೆ ಕಾರ್ಟ್ರಿಜ್ ಬದಲು ಇಡೀ ನಲ್ಲಿಯೇ ತಿರುಗಿ ಕೆಳಗಿನ ನಟ್ ಸಡಿಲವಾಗುತ್ತದೆ, ಪೈಪ್ ತಿರುಚಿಕೊಳ್ಳುತ್ತದೆ. ಬೇಸಿನ್ ಬಿರುಕು ಬಿಡುವುದೂ ಉಂಟು. ಎಡಕ್ಕೆ ತಿರುಗಿಸಿ. ಮೊದಲು ಒಂದು ಸಲ ಬಿಗಿ ಬಿಡುತ್ತದೆ, ಆಮೇಲೆ ಬೆರಳಿನಿಂದಲೇ ಬಿಚ್ಚಬಹುದು.

ಬಿಗಿ ಬಿಡದಿದ್ದರೆ? ವಿನೆಗರ್ ಬಟ್ಟೆ ಮತ್ತೆ ಕೆಲಸಕ್ಕೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಡಿಯ ಸುತ್ತ ಐದು ನಿಮಿಷ ಸುತ್ತಿದರೂ ಸಹಾಯವಾಗುತ್ತದೆ. ಬೇಕಾದರೆ ಮೊದಲು ಬಲಕ್ಕೆ ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಎಡಕ್ಕೆ ತಿರುಗಿಸಿ. ಅಂಟಿಕೊಂಡ ಸುಣ್ಣ ಒಡೆಯುತ್ತದೆ. ಸ್ಪ್ಯಾನರ್‌ಗೆ ಉದ್ದನೆ ಪೈಪ್ ಸಿಕ್ಕಿಸಿ ಬಲ ಹೆಚ್ಚಿಸುವ ಯೋಚನೆ ಮಾತ್ರ ಬೇಡ.

ಕಾರ್ಟ್ರಿಜ್ ಕೈಗೆ ಬಂತು. ತಿರುಗಿಸಿ ಅದರ ತಳ ನೋಡಿ. ರಬ್ಬರ್ ಉಂಗುರ ಹೊರಗೆ ಚಾಚಿದೆಯಾ, ಇಲ್ಲ ಹಿತ್ತಾಳೆಯ ಅಂಚಿನ ಮಟ್ಟಕ್ಕೆ ಚಪ್ಪಟೆಯಾಗಿದೆಯಾ? ಉಗುರಿನಿಂದ ಒತ್ತಿದರೆ ಬಗ್ಗುತ್ತದೆಯಾ? ಸೀಳಿದೆಯಾ? ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹನಿಯ ಕಾರಣ ನಿಮ್ಮ ಕೈಯಲ್ಲೇ ಇದೆ. ಈ ಉಂಗುರ ಮಾತ್ರ ಬಿಡಿಯಾಗಿ ಸಿಕ್ಕರೆ ಅದನ್ನೇ ಬದಲಾಯಿಸಿ ನೋಡಬಹುದು. ಆದರೆ ಅದು ಸರಿಯಾದ ದಪ್ಪದ್ದೇ ಸಿಗುವುದು ಕಷ್ಟ. ರಬ್ಬರ್ ಮುದಿಯಾಗಿದ್ದರೆ ಒಳಗಿನ ಓ-ರಿಂಗ್‌ಗಳಿಗೂ ಅಷ್ಟೇ ವಯಸ್ಸಾಗಿರುತ್ತದೆ ಅಲ್ವಾ? ಅದಕ್ಕೇ ಇಡೀ ಕಾರ್ಟ್ರಿಜ್ ಬದಲಾಯಿಸುವುದೇ ಒಳ್ಳೆಯದು ಅನ್ನುತ್ತೇನೆ.

ಈಗ ಹೊಸದು ತರಬೇಕು. ಜನ ಜಾಸ್ತಿ ಎಡವುವುದು ಇಲ್ಲೇ. ಎಲ್ಲ ಕಾರ್ಟ್ರಿಜ್‌ಗಳೂ ನೋಡಲು ಒಂದೇ ಥರ ಕಾಣುತ್ತವೆ. ಅದಕ್ಕೆ ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಒಂದು ಸ್ಕೇಲ್ ಕೂಡ ಒಯ್ಯಿರಿ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. ನಮ್ಮ ಅಕ್ಕನ ಮನೆಯ ಬೇಸಿನ್ ನಲ್ಲಿ ನಿಮ್ಮದರಂತೆಯೇ ತೊಟ್ಟಿಕ್ಕುತ್ತಿತ್ತು. ಹಳೆಯ ಕಾರ್ಟ್ರಿಜ್ ತೆಗೆದೆ. ಅದು ಅರ್ಧ ಇಂಚಿನದು, ಅಂದರೆ ಥ್ರೆಡ್‌ನ ಹೊರ ಅಡ್ಡಳತೆ ಸುಮಾರು 21 ಮಿ.ಮೀ. ಅರ್ಧ ಇಂಚು ಅನ್ನುವುದು ಪೈಪಿನ ಲೆಕ್ಕ, ಸ್ಕೇಲ್ ಇಟ್ಟರೆ ಅರ್ಧ ಇಂಚು ಬರುವುದಿಲ್ಲ, ಗಾಬರಿ ಬೇಡ. ಮುಕ್ಕಾಲು ಇಂಚಿನದಾದರೆ ಸುಮಾರು 26 ಮಿ.ಮೀ. ಬರುತ್ತದೆ. ಹಿಡಿ ಕೂರುವ ಕಡ್ಡಿಯ ಮೇಲೆ ಸಣ್ಣ ಹಲ್ಲುಗಳಿದ್ದವು, ಎಣಿಸಿದೆ, 20. ಅಂಗಡಿಯಲ್ಲಿ ಥ್ರೆಡ್ ಹೊಂದಿತು, 20 ಹಲ್ಲು ಹೊಂದಿತು, ಒಟ್ಟು ಉದ್ದವೂ ಒಂದೇ. ಖುಷಿಯಿಂದ ತಂದು ಹಾಕಿದೆ. ನಲ್ಲಿ ಮೊದಲಿಗಿಂತ ಜಾಸ್ತಿ ತೊಟ್ಟಿಕ್ಕಿತು.

ಕಾರ್ಟ್ರಿಜ್ ಕೆಟ್ಟದು ಅಂತ ಮೊದಲು ಅಂದುಕೊಂಡೆ. ತೆಗೆದು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿದಾಗ ಗೊತ್ತಾಯಿತು. ಥ್ರೆಡ್‌ನ ಮೇಲೆ ಒಂದು ಅಗಲವಾದ ಅಂಚು ಇರುತ್ತದಲ್ಲ, ನಲ್ಲಿಯ ಬಾಡಿಯ ಮೇಲೆ ಬಂದು ಕೂರುವುದು, ಅಲ್ಲಿಂದ ತಳದ ರಬ್ಬರ್ ತುದಿಯವರೆಗಿನ ಅಳತೆ ಬೇರೆ ಇತ್ತು. ಹೊಸದು 2 ಮಿ.ಮೀ. ಗಿಡ್ಡ. ಆ ಕಮ್ಮಿಯನ್ನು ಮೇಲಿನ ಕಡ್ಡಿಯ ಉದ್ದ ತುಂಬಿತ್ತು, ಅದಕ್ಕೇ ಒಟ್ಟು ಉದ್ದ ಒಂದೇ ಬಂದಿತ್ತು. ಅಂಚು ಬಾಡಿಗೆ ತಾಗಿ ನಿಂತುಬಿಡುತ್ತಿತ್ತು, ಕೆಳಗೆ ರಬ್ಬರ್ ಸೀಟನ್ನು ಮುಟ್ಟುತ್ತಲೇ ಇರಲಿಲ್ಲ. ನೀರು ಬಿಲ್ಲೆಗಳಿಗೆ ಹೋಗುವ ಬದಲು ಪಕ್ಕದಿಂದಲೇ ನುಸುಳಿ ಬಾಯಿಗೆ ಬರುತ್ತಿತ್ತು. ಅಳತೆ ಸರಿಯಾಗಿದ್ದ ಇನ್ನೊಂದನ್ನು ತಂದು ಹಾಕಿದ ಮೇಲೆ ಹನಿ ನಿಂತಿತು.

ಹಾಗಾಗಿ ನೀವು ಹೋಲಿಸಿ ನೋಡಬೇಕಾದ್ದು ಇವು: ಥ್ರೆಡ್‌ನ ಅಡ್ಡಳತೆ, ಅಂಚಿನಿಂದ ರಬ್ಬರ್ ತುದಿಯವರೆಗಿನ ಉದ್ದ, ಕಡ್ಡಿಯ ಹಲ್ಲುಗಳ ಎಣಿಕೆ, ಮತ್ತು ಮುಚ್ಚುವ ದಿಕ್ಕು. ಹಳೆಯ ರಬ್ಬರ್ ಚಪ್ಪಟೆಯಾಗಿರುತ್ತದೆ, ಹಾಗಾಗಿ ಹೊಸದರ ರಬ್ಬರ್ ಒಂದು ಮಿ.ಮೀ.ನಷ್ಟು ಉದ್ದ ಕಂಡರೆ ಅದು ಸರಿಯೇ. ಗೊಂದಲ ಬೇಡ ಅಂದರೆ ರಬ್ಬರ್ ಬಿಟ್ಟು ಹಿತ್ತಾಳೆಯ ತುದಿಯವರೆಗೆ ಅಳೆಯಿರಿ, ಅದು ಎರಡರಲ್ಲೂ ಒಂದೇ ಇರಬೇಕು. ಹಲ್ಲುಗಳನ್ನು ಎಣಿಸುವಾಗ ಒಂದು ಹಲ್ಲಿಗೆ ಪೆನ್ನಿನ ಗುರುತು ಹಾಕಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 20 ಹಲ್ಲಿನದು ಮತ್ತು 24 ಹಲ್ಲಿನದು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಹಿಡಿ ಮಾತ್ರ ಕೂರುವುದಿಲ್ಲ. ಬಲ ಹಾಕಿ ಕೂರಿಸಿದರೆ ಹಿಡಿಯೊಳಗಿನ ಹಲ್ಲು ಕಿತ್ತುಹೋಗುತ್ತದೆ.

ಮುಚ್ಚುವ ದಿಕ್ಕು ನೋಡಲು ಹಿಡಿಯನ್ನು ಕಡ್ಡಿಗೆ ಸುಮ್ನೆ ಸಿಕ್ಕಿಸಿ ತಿರುಗಿಸಿ. ಕಾರ್ಟ್ರಿಜ್‌ನ ಪಕ್ಕದಲ್ಲಿ ಕಿಟಕಿಯಂಥ ತೂತುಗಳಿವೆ, ಅಲ್ಲಿಂದ ಬಿಲ್ಲೆ ತಿರುಗುವುದು ಕಾಣುತ್ತದೆ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಆದರೆ ಜೋಡಿ ಹಿಡಿಯ ನಲ್ಲಿಗಳಲ್ಲಿ ಒಂದು ಕಡೆಯದು ಎಡಕ್ಕೆ ಮುಚ್ಚುವಂತೆ ಇರಬಹುದು, ಎರಡೂ ಹಿಡಿ ಎದುರುಬದುರಾಗಿ ಚಲಿಸಲಿ ಅಂತ. ತಪ್ಪು ದಿಕ್ಕಿನದು ಹಾಕಿದರೆ ನಲ್ಲಿ ಸೋರುವುದಿಲ್ಲ, ಆದರೆ ಹಿಡಿ ಉಲ್ಟಾ ತಿರುಗಿ ಗೋಡೆಗೋ ಪಕ್ಕದ ಹಿಡಿಗೋ ತಾಗುತ್ತದೆ.

ಹೊಸ ಕಾರ್ಟ್ರಿಜ್ ಕೈಯಲ್ಲಿದೆ, ತಕ್ಷಣ ಹಾಕಿಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಹೊಸದು ಎಷ್ಟು ದಿನ ಬಾಳುತ್ತದೆ ಅನ್ನುವುದು ಮುಂದಿನ ಐದು ನಿಮಿಷದ ಮೇಲಿದೆ.

ನಲ್ಲಿಯ ಬಾಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಒಂದು ತೂತು, ಅದರ ಸುತ್ತ ಹಿತ್ತಾಳೆಯ ಸಪಾಟು ಉಂಗುರ ಕಾಣುತ್ತದೆ. ಅದೇ ಸೀಟು. ರಬ್ಬರ್ ಬಂದು ಕೂರುವುದು ಅದರ ಮೇಲೆ. ಅಲ್ಲಿ ಹಳೆಯ ರಬ್ಬರ್‌ನ ಚೂರು ಅಂಟಿರಬಹುದು, ಬಿಳಿ ಪದರ ಇರಬಹುದು. ಕಿರುಬೆರಳು ಹಾಕಿ ಸವರಿ, ಒರಟು ಕೈಗೆ ಸಿಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಮರದ ಕಡ್ಡಿಗೆ ಸುತ್ತಿ ಸೀಟನ್ನು ಉಜ್ಜಿ. ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಹಿತ್ತಾಳೆ ಮೆತ್ತಗೆ, ಒಂದು ಗೀರು ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ.

ಆಮೇಲೆ ಪೈಪಿನ ಕಸವನ್ನು ಹೊರಗೆ ತೊಳೆಯಬೇಕು. ಆಂಗಲ್ ಕಾಕ್ ಮುಚ್ಚಿ ತೆರೆಯುವಾಗ ಅದರೊಳಗಿನ ಸುಣ್ಣ, ಮರಳು ಎದ್ದು ಪೈಪಿನಲ್ಲಿ ಕಾಯುತ್ತಿರುತ್ತದೆ. ಹಾಗೇ ಕಾರ್ಟ್ರಿಜ್ ಹಾಕಿದರೆ ಮೊದಲ ಸಲ ನೀರು ಬಿಟ್ಟಾಗಲೇ ಅಷ್ಟೂ ಹೋಗಿ ಬಿಲ್ಲೆಗಳ ನಡುವೆ ಸೇರುತ್ತದೆ. ಹೊಸ ಕಾರ್ಟ್ರಿಜ್ ಹಾಕಿದ ಎರಡೇ ದಿನಕ್ಕೆ ಮತ್ತೆ ಸೋರಿತು ಅನ್ನುವವರಲ್ಲಿ ಬಹಳಷ್ಟು ಜನ ಈ ಹೆಜ್ಜೆಯನ್ನೇ ಬಿಟ್ಟಿರುತ್ತಾರೆ. ನಲ್ಲಿಯ ತೆರೆದ ಮೇಲ್ಬಾಯಿಯ ಮೇಲೆ ಒಂದು ಪ್ಲಾಸ್ಟಿಕ್ ಮಗ್ ಅನ್ನು ಬೋರಲು ಹಿಡಿಯಿರಿ, ಅದರ ಮೇಲೆ ಬಟ್ಟೆ ಹಾಕಿ. ಇನ್ನೊಬ್ಬರಿಗೆ ಆಂಗಲ್ ಕಾಕ್ ಅನ್ನು ನಿಧಾನವಾಗಿ ಸ್ವಲ್ಪವೇ ತೆರೆದು, ಮೂರು ಎಣಿಸಿ ಮುಚ್ಚಲು ಹೇಳಿ. ನೀರು ಮೇಲಕ್ಕೆ ಚಿಮ್ಮಿ ಮಗ್‌ಗೆ ಹೊಡೆದು ಬೇಸಿನ್‌ಗೆ ಬೀಳುತ್ತದೆ. ಎರಡು ಸಲ ಹೀಗೆ ಮಾಡಿ. ಬೇಸಿನ್ನಿನಲ್ಲಿ ಹಾಸಿದ ಬಟ್ಟೆಯ ಮೇಲೆ ಎಷ್ಟು ಕಸ ಬಿತ್ತು ಅಂತ ನೋಡಿದರೆ ಈ ಕೆಲಸ ಯಾಕೆ ಅಂತ ನಿಮಗೇ ತಿಳಿಯುತ್ತದೆ. ನಲ್ಲಿಯ ಬಾಯಿಯಲ್ಲಿರುವ ಜಾಲರಿಯನ್ನೂ ಈಗಲೇ ತಿರುಗಿಸಿ ತೆಗೆದಿಡಿ.

ಇನ್ನು ಕೂರಿಸುವುದು. ಕಾರ್ಟ್ರಿಜ್‌ನ ತಳದ ರಬ್ಬರ್ ತನ್ನ ಜಾಗದಲ್ಲಿ ನೇರವಾಗಿ ಇದೆಯಾ ನೋಡಿ, ಪ್ಯಾಕೆಟ್‌ನಿಂದ ತೆಗೆಯುವಾಗ ಜಾರಿರುವುದುಂಟು. ಹೊರಗಿನ ಓ-ರಿಂಗ್‌ಗೆ ಬೆರಳಿನಲ್ಲಿ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಚೆನ್ನ. ಇಲ್ಲದಿದ್ದರೆ ನೀರಿನಲ್ಲಿ ಒದ್ದೆ ಮಾಡಿ, ಸಾಕು. ವ್ಯಾಸಲಿನ್, ಅಡುಗೆ ಎಣ್ಣೆ, ಗಾಡಿಯ ಗ್ರೀಸ್ ಹಚ್ಚಬೇಡಿ. ಇಂಥ ಕಡೆ ಬಳಸುವ ಎಷ್ಟೋ ರಬ್ಬರ್‌ಗಳು ಅವುಗಳಿಂದ ಉಬ್ಬಿ ಹಾಳಾಗುತ್ತವೆ.

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ಬಹಳ ಜನರಿಗಿದೆ. ಇಲ್ಲಿ ಬೇಡ. ಪೈಪಿನ ಜೋಡಣೆಯಲ್ಲಿ ನೀರು ತಡೆಯುವುದು ಥ್ರೆಡ್, ಅಲ್ಲಿ ಟೇಪ್ ಬೇಕು. ಇಲ್ಲಿ ತಡೆಯುವುದು ತಳದ ರಬ್ಬರ್ ಮತ್ತು ಓ-ರಿಂಗ್. ಟೇಪ್‌ನಿಂದ ಲಾಭವಿಲ್ಲ, ಅದರ ಎಳೆ ಕಿತ್ತು ಒಳಗೆ ಹೋದರೆ ಬಿಲ್ಲೆಗೆ ಇನ್ನೊಂದು ಕಸ.

ಬೆರಳಿನಿಂದಲೇ ಬಲಕ್ಕೆ ತಿರುಗಿಸುತ್ತ ಹೋಗಿ. ಮೊದಲ ಎರಡು ಸುತ್ತು ಸಲೀಸಾಗಿ ಹೋಗಬೇಕು. ಬಿಗಿ ಅನ್ನಿಸಿದರೆ ಥ್ರೆಡ್ ಓರೆಯಾಗಿ ಹಿಡಿದಿದೆ. ತೆಗೆದು ಮತ್ತೆ ಹಾಕಿ. ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸಿ, ಟಕ್ ಅಂತ ಥ್ರೆಡ್ ಇಳಿಯುವುದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿಸಿದರೆ ನೇರವಾಗಿ ಹೋಗುತ್ತದೆ. ಬೆರಳಿಗೆ ಪೂರ್ತಿ ಬಿಗಿಯಾದ ಮೇಲೆ ಸ್ಪ್ಯಾನರ್ ಹಾಕಿ ಎಂಟನೇ ಒಂದು ಸುತ್ತಿನಿಂದ ಕಾಲು ಸುತ್ತಿನೊಳಗೆ ನಿಲ್ಲಿಸಿ. ಇಲ್ಲೂ ಇನ್ನೊಂದು ಕೈ ನಲ್ಲಿಯ ಬಾಯಿಯ ಮೇಲೆ ಇರಲಿ. ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ನಜ್ಜುಗುಜ್ಜಾಗುತ್ತದೆ, ಬಿಲ್ಲೆ ಸೀಳಲೂಬಹುದು. ಬಿಗಿ ಹೆಚ್ಚಾಯಿತು ಅಂತ ತಿಳಿಯುವುದು ಹೇಗೆ? ಕಡ್ಡಿಗೆ ಹಿಡಿ ಸಿಕ್ಕಿಸಿ ತಿರುಗಿಸಿ. ಕೂರಿಸುವ ಮೊದಲು ಇದ್ದದ್ದಕ್ಕಿಂತ ತುಂಬಾ ಗಡುಸಾಗಿದ್ದರೆ ಹೆಚ್ಚಾಗಿದೆ, ಸ್ವಲ್ಪ ಸಡಿಲ ಮಾಡಿ.

ಹಿಡಿಯನ್ನು ಈಗಲೇ ಸ್ಕ್ರೂ ಹಾಕಿ ಕೂರಿಸಬೇಡಿ. ಸುಮ್ನೆ ಕಡ್ಡಿಗೆ ಸಿಕ್ಕಿಸಿ ಕಾರ್ಟ್ರಿಜ್ ಅನ್ನು ಅರ್ಧ ತೆರೆದಿಡಿ. ಆಂಗಲ್ ಕಾಕ್ ಅನ್ನು ನಿಧಾನವಾಗಿ ತೆರೆಯಿರಿ. ಮೊದಲು ಗಾಳಿ ಬುಸ್ ಅಂತ ಬಂದು ಆಮೇಲೆ ನೀರು ಬರುತ್ತದೆ. ಪೂರ್ತಿ ತೆರೆದು ಅರ್ಧ ನಿಮಿಷ ಹರಿಯಲು ಬಿಡಿ, ಉಳಿದ ಕಸವೂ ಹೋಗಲಿ. ಆಮೇಲೆ ನಿಧಾನವಾಗಿ ಮುಚ್ಚಿ, ಎರಡು ಮೂರು ಸಲ ತೆರೆದು ಮುಚ್ಚಿ. ಬಾಯಿಯನ್ನು ಒರೆಸಿ. ಕಾರ್ಟ್ರಿಜ್‌ನ ಅಂಚಿನ ಸುತ್ತ ಒಂದು ಒಣ ಟಿಶ್ಯೂ ಸುತ್ತಿಡಿ. ಬೇಸಿನ್ ಒಣಗಿಸಿ ಹದಿನೈದು ನಿಮಿಷ ಕಾಯಿರಿ. ಬೇಸಿನ್ ಒಣಗಿದ್ದು, ಟಿಶ್ಯೂ ಒದ್ದೆಯಾಗದಿದ್ದರೆ ಕೆಲಸ ಆಯಿತು.

ಈಗ ಕವಚ ಹಾಕಿ. ಕಾರ್ಟ್ರಿಜ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ಇರಲಿ. ಹಿಡಿ ಮುಚ್ಚಿದಾಗ ಯಾವ ಕಡೆ ನೋಡಬೇಕೋ ಆ ಕಡೆ ಇಟ್ಟು ಹಲ್ಲಿಗೆ ಸಿಕ್ಕಿಸಿ. ಓರೆಯಾಗಿ ಕಂಡರೆ ಎತ್ತಿ ಒಂದು ಹಲ್ಲು ಆಚೆ ಇಡಿ. 20 ಹಲ್ಲಿದ್ದರೆ ಒಂದೊಂದು ಹಲ್ಲಿಗೆ 18 ಡಿಗ್ರಿ ಬದಲಾಗುತ್ತದೆ, ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಕ್ರೂ, ಮುಚ್ಚಳ, ಜಾಲರಿ ಹಾಕಿ. ಜಾಲರಿಯನ್ನು ಹಾಕುವ ಮೊದಲು ತೊಳೆಯಿರಿ.

ಹದಿನೈದು ನಿಮಿಷದ ಪರೀಕ್ಷೆಯಲ್ಲಿ ಬಾಯಿಯಿಂದ ಮತ್ತೆ ಹನಿ ಬಂದರೆ ಹೊಸ ಕಾರ್ಟ್ರಿಜ್ ಅನ್ನು ತಕ್ಷಣ ಬೈಯಬೇಡಿ. ಮೊದಲು ನಲ್ಲಿಯನ್ನು ಪೂರ್ತಿ ತೆರೆದು ಒಂದು ನಿಮಿಷ ಹರಿಸಿ. ಒಂದು ಕಾಳು ಸಿಕ್ಕಿದ್ದರೆ ಹೊರಟುಹೋಗುತ್ತದೆ. ಹೋಗದಿದ್ದರೆ ಸ್ಪ್ಯಾನರ್‌ನಿಂದ ಕಾರ್ಟ್ರಿಜ್ ಅನ್ನು ಇನ್ನೊಂದು ಚೂರು, ಗಡಿಯಾರದ ಮುಳ್ಳು ಎರಡು ನಿಮಿಷ ಸರಿದಷ್ಟು ಮಾತ್ರ, ಬಿಗಿ ಮಾಡಿ. ಹನಿ ನಿಧಾನವಾದರೆ ರಬ್ಬರ್ ಸರಿಯಾಗಿ ಒತ್ತಿರಲಿಲ್ಲ ಅಂತ ಗೊತ್ತಾಗುತ್ತದೆ. ಏನೂ ಬದಲಾಗದಿದ್ದರೆ ನೀರು ಮುಚ್ಚಿ, ಕಾರ್ಟ್ರಿಜ್ ತೆಗೆದು ತಳದ ರಬ್ಬರ್ ನೋಡಿ. ಅದರ ಮೇಲೆ ಸೀಟಿನ ಅಚ್ಚು ಸುತ್ತಲೂ ಒಂದೇ ಸಮನೆ ಬಿದ್ದಿರಬೇಕು. ಅಚ್ಚೇ ಇಲ್ಲ ಅಂದರೆ ಕಾರ್ಟ್ರಿಜ್ ಗಿಡ್ಡ, ನನಗೆ ಆದದ್ದೇ ನಿಮಗೂ ಆಗಿದೆ. ಅಚ್ಚು ಒಂದು ಕಡೆ ತುಂಡಾಗಿದ್ದರೆ ಸೀಟಿನ ಆ ಜಾಗದಲ್ಲಿ ಗುಂಡಿ ಬಿದ್ದಿದೆ ಅಥವಾ ಸುಣ್ಣ ಉಳಿದಿದೆ. ಸುಣ್ಣವಾದರೆ ಮತ್ತೆ ಉಜ್ಜಿದರೆ ಹೋಗುತ್ತದೆ. ಹಿತ್ತಾಳೆಯೇ ಕೊರೆದುಹೋಗಿ ಉಗುರಿಗೆ ಸಿಗುವಷ್ಟು ಕಾಲುವೆ ಆಗಿದ್ದರೆ, ಅಥವಾ ಬಾಡಿಯ ಥ್ರೆಡ್ ಕಿತ್ತುಹೋಗಿದ್ದರೆ, ಕಾರ್ಟ್ರಿಜ್‌ನಿಂದ ಆಗುವ ಕೆಲಸ ಅಲ್ಲ. ಆಗ ಮಾತ್ರ ಇಡೀ ನಲ್ಲಿ ಬದಲಾಯಿಸಿ.

ಮೇಲೆ ಕೆಳಗೆ ಎತ್ತುವ ಒಂದೇ ಹಿಡಿಯ ಮಿಕ್ಸರ್ ಇರುವವರಿಗೆ ಎರಡು ಮಾತು. ಅದರ ಕಾರ್ಟ್ರಿಜ್ ಬೇರೆ, ದಪ್ಪನೆಯ ಪ್ಲಾಸ್ಟಿಕ್ ಡಬ್ಬಿಯಂತೆ ಇರುತ್ತದೆ. ಸಾಮಾನ್ಯವಾಗಿ ಅಡ್ಡಳತೆ 35 ಅಥವಾ 40 ಮಿ.ಮೀ., ಒಂದು ಹಿತ್ತಾಳೆ ನಟ್ ಅದನ್ನು ಮೇಲಿನಿಂದ ಒತ್ತಿ ಹಿಡಿದಿರುತ್ತದೆ. ತಳದಲ್ಲಿ ಎರಡು ಸಣ್ಣ ಗೂಟಗಳಿವೆ, ಅವು ಬಾಡಿಯ ತೂತುಗಳಿಗೆ ಸರಿಯಾಗಿ ಕೂತ ಮೇಲೆಯೇ ನಟ್ ಬಿಗಿ ಮಾಡಬೇಕು. ನೀರು ಮುಚ್ಚುವಾಗ ಬಿಸಿ, ತಣ್ಣೀರು ಎರಡೂ ಆಂಗಲ್ ಕಾಕ್ ಮುಚ್ಚಿ. ಸೀಟು ಶುಚಿ ಮಾಡುವುದು, ಕಸ ತೊಳೆಯುವುದು, ಟಿಶ್ಯೂ ಪರೀಕ್ಷೆ ಎಲ್ಲ ಅದಕ್ಕೂ ಹೀಗೇ.

ನಿಮ್ಮ ಹಳೆಯ ಕಾರ್ಟ್ರಿಜ್ ಅನ್ನು ಎಸೆಯುವ ಮೊದಲು ಅಂಚಿನಿಂದ ಹಿತ್ತಾಳೆಯ ತುದಿಯವರೆಗಿನ ಅಳತೆ ಮತ್ತು ಹಲ್ಲಿನ ಎಣಿಕೆಯನ್ನು ಒಂದು ಚೀಟಿಯಲ್ಲಿ ಬರೆದು ಬೇಸಿನ್ ಕೆಳಗೆ ಅಂಟಿಸಿ. ಮುಂದಿನ ಸಲ ಅಂಗಡಿಗೆ ಹೋಗಲು ನಲ್ಲಿ ಬಿಚ್ಚಿ ನೀರು ಮುಚ್ಚಿಟ್ಟು ಮನೆಯವರನ್ನು ಕಾಯಿಸಬೇಕಾಗಿಲ್ಲ.